ಅಂಗೈಗೆ ಎರಡು ಹನಿ

ಕನ್ನಡ ಅಕ್ಷರಮಾಲೆಯಲ್ಲಿ ಙ ಎಂಬುದೊಂದಿದೆ. ಚಿಕ್ಕವರಿದ್ದಾಗ ಎಲ್ಲರೂ ಅದನ್ನು ಸ್ಲೇಟಿನ ಮೇಲೆ ತಿದ್ದುತ್ತೇವೆ, ಆಮೇಲೆ ಸಾಯುವ ತನಕ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ತಕ್ಕಡಿಯಕ್ಕನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಆ ಅಕ್ಷರ ಬೇಕಾಯಿತು. ವಿಯೆಟ್ನಾಮಿನ ಅಜ್ಜಿ ತನ್ನ ಹಳೇ ನೋಟ್‌ಬುಕ್ಕಿನಿಂದ ಓದಿ ಹೇಳುತ್ತಿದ್ದ ಸೊಪ್ಪಿನ ಹೆಸರು ಶುರುವಾಗುವುದೇ ಆ ಮೂಗಿನ ಶಬ್ದದಿಂದ. ಙೊ ಓಮ್. ಅದರ ಹಿಂದೆಯೇ ಇನ್ನೊಂದು, ಙೊ ಗಾಯ್.

"ಅಂತೂ ನಿನಗೂ ಒಂದು ಕೆಲಸ ಸಿಕ್ತಲ್ಲಪ್ಪ" ಎಂದು ತಕ್ಕಡಿಯಕ್ಕ ಆ ಅಕ್ಷರಕ್ಕೇ ಹೇಳಿ ಬರೆದುಕೊಂಡಳು.

ಅಂಗಡಿ ಎಂದರೆ ಆರು ಮೇಜಿನ ಊಟದ ಅಂಗಡಿ. ಹಿಂದೆ ಎರಡು ಒಲೆಯ ಅಡುಗೆಮನೆ, ಒಂದು ಸ್ಟೀಲ್ ಕಟ್ಟೆ, ಓಣಿಗೆ ತೆರೆಯುವ ಒಂದು ಕಿಟಕಿ. ಅಜ್ಜಿಯದೇ ಅಂಗಡಿ, ಅಜ್ಜಿಯದೇ ಅಡುಗೆ. ತಕ್ಕಡಿಯಕ್ಕ ಒಂಬತ್ತು ವರ್ಷದ ಹಿಂದೆ ಪಾತ್ರೆ ತೊಳೆಯಲು ಬಂದವಳು, ಆಮೇಲೆ ಹೆಚ್ಚಲು ನಿಂತಳು, ಆಮೇಲೆ ಎರಡನೇ ಒಲೆಗೆ ಬಂದಳು. ಅಷ್ಟರಲ್ಲಿ ಅಜ್ಜಿಯ ಭಾಷೆಯೂ ಬಂತು. ಅಡುಗೆಮನೆಯ ಒಳಗಿನದು ಪೂರ್ತಿ ಬರುತ್ತಿತ್ತು. ಹೊಸ್ತಿಲು ದಾಟಿದರೆ ಮೂಗಿ. ಆ ಭಾಷೆಯಲ್ಲಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬಾರದು, ಆದರೆ ಎಣ್ಣೆ ಎಷ್ಟು ಕಾದಿದೆ ಎಂದು ನಾಲ್ಕು ಬಗೆಯಲ್ಲಿ ಹೇಳುತ್ತಿದ್ದಳು.

ಈಗ ಅಜ್ಜಿಗೆ ಎಂಬತ್ತು ಹತ್ತಿರ. ಮೊಣಕಾಲು ಕೈಕೊಟ್ಟಿತ್ತು. ಇನ್ನು ಮೂರು ವಾರಕ್ಕೆ ಬೇರೆ ಊರಿನಲ್ಲಿರುವ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ಮಗಳು ಹಲ್ಲಿನ ಡಾಕ್ಟರು, ಮಾತು ಕಮ್ಮಿ, ಕೆಲಸ ಚೊಕ್ಕ. ಅಂಗಡಿಯನ್ನು ತಕ್ಕಡಿಯಕ್ಕನಿಗೇ ಬಿಡುವುದಕ್ಕೆ ಅವಳು ಒಂದೇ ಷರತ್ತು ಹಾಕಿದ್ದಳು.

"ನಿಮಗೆ ಜ್ವರ ಬಂದ ದಿನ ಏನು ಮಾಡ್ತೀರ, ಬಾಗಿಲು ಹಾಕ್ತೀರಾ? ಅಡುಗೆ ಇನ್ನೊಬ್ಬರಿಗೂ ಬರಬೇಕು. ನೀವು ಬರೆದುಕೊಟ್ಟದ್ದನ್ನ ನೋಡಿಕೊಂಡು ಅವರೊಬ್ಬರೇ ಹುಳಿ ಮೀನಿನ ಸಾರು ಮಾಡ್ಲಿ. ಅದು ಸರಿಯಾದ್ರೆ ಅಂಗಡಿ ನಿಮ್ಮದು. ಇಲ್ಲಾಂದ್ರೆ ಮೊಬೈಲ್ ರಿಪೇರಿಯವರು ಕೇಳ್ತಿದ್ದಾರೆ."

ಮೊಬೈಲ್ ರಿಪೇರಿಯವನು ಬರೀ ಕೇಳಿ ಸುಮ್ಮನಿದ್ದವನಲ್ಲ. ಒಂದು ಬೆಳಿಗ್ಗೆ ಟೇಪು ತಂದು ಗೋಡೆ ಅಳೆದುಕೊಂಡು ಹೋಗಿದ್ದ. ಒಲೆಯಿದ್ದ ಜಾಗದಲ್ಲಿ ಗಾಜಿನ ಕಪಾಟು ಬರುತ್ತದಂತೆ. ಅದನ್ನು ಕೇಳಿದ ತಕ್ಕಡಿಯಕ್ಕ ಹೋಗಿ ಒಲೆಯನ್ನು ಇನ್ನೊಂದು ಸಲ ಉಜ್ಜಿದ್ದಳು. ಒಂಬತ್ತು ವರ್ಷ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ಒಲೆಯದು.

ಇನ್ನೊಬ್ಬರು ಎಂದರೆ ನಾದಿನಿ. ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಇಸ್ತ್ರಿ ಮಾಡಿದವಳು. ಯಂತ್ರದ ಮೇಲೆ ಅಂಟಿಸಿದ ಚೀಟಿ ಏನು ಹೇಳುತ್ತದೋ ಅದನ್ನು ಹಾಗೇ ಮಾಡಿ ಅಭ್ಯಾಸ. ಕನ್ನಡ ಬಿಟ್ಟು ಬೇರೇನೂ ಓದಲು ಬಾರದು. ಹಾಗಾಗಿ ಅಜ್ಜಿಯ ನೋಟ್‌ಬುಕ್ಕು ಕನ್ನಡಕ್ಕೆ ಬರಲೇಬೇಕಿತ್ತು, ಅದರಲ್ಲೂ ಹುಳಿ ಮೀನಿನ ಸಾರು ಮೊದಲು ಬರಬೇಕಿತ್ತು. ಅಜ್ಜಿಯ ಭಾಷೆಯಲ್ಲಿ ಅದು ಕಾನ್ ಚುವಾ. ಊಟಕ್ಕೆ ಬರುವವರಲ್ಲಿ ಅರ್ಧ ಜನ ಬರುತ್ತಿದ್ದದ್ದು ಅದಕ್ಕೇ.

ದಿನಾ ಮಧ್ಯಾಹ್ನ ಮೂರು ಗಂಟೆಗೆ, ಮೇಜುಗಳು ಖಾಲಿಯಾದ ಮೇಲೆ, ಇಬ್ಬರೂ ಕಟ್ಟೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಅಜ್ಜಿ ಓದುವುದು, ತಕ್ಕಡಿಯಕ್ಕ ಬರೆಯುವುದು.

ಕೆಲವು ಸಲೀಸಾಗಿ ಬಂದವು. ಹುಣಸೆಹಣ್ಣು, ಅನಾನಸ್, ಟೊಮೆಟೊ, ಬೆಂಡೆಕಾಯಿ, ಹೆಸರುಕಾಳಿನ ಉದ್ದ ಮೊಳಕೆ. ಇವಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಕ್ ಹಾ ಎಂಬಲ್ಲಿ ಗಾಡಿ ನಿಂತಿತು. ಡಾಕ್ಟರು ಮಗಳು ಫೋನಿನಲ್ಲಿ ಹುಡುಕಿ ಅದು ಪುದೀನ ಎಂದಿದ್ದಳು. ತಕ್ಕಡಿಯಕ್ಕ ಒಂಬತ್ತು ವರ್ಷದಿಂದ ಅದರ ಸಿಪ್ಪೆ ಸುಲಿದು ಓರೆಯಾಗಿ ಹೆಚ್ಚಿದವಳು. ಸ್ಪಂಜಿನ ಹಾಗೆ ತೂತು ತೂತಾದ ದಪ್ಪ ದಂಟದು, ಪುದೀನ ಎಲ್ಲಿಂದ ಬರಬೇಕು? "ಕೆಸುವಿನ ದಂಟು" ಎಂದು ಬರೆದಳು. ಬರೆದು ಪೆನ್ನು ಎತ್ತುವ ಮುಂಚೆಯೇ ಗಾಬರಿಯಾಯಿತು. ನಾದಿನಿ ಸಿಕ್ಕ ಕೆಸುವನ್ನೆಲ್ಲ ತಂದು ಹಾಕಿದರೆ ಉಂಡವರೆಲ್ಲ ಗಂಟಲು ಕೆರೆದುಕೊಂಡು ಓಡುತ್ತಾರೆ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಕೆರೆತವಿಲ್ಲದ ಜಾತಿಯದು ಮಾತ್ರ. ನಮ್ಮ ಸೊಪ್ಪಿನವಳು ಕೊಡುವುದೇ ಆಗಬೇಕು. ಅವಳಲ್ಲಿ ಇಲ್ಲದಿದ್ದರೆ ಬಿಟ್ಟುಬಿಡು."

ಙೊ ಗಾಯ್ ಉದ್ದ ಎಲೆಯದು, ಅಂಚು ಗರಗಸ, ವಾಸನೆ ಕೊತ್ತಂಬರಿಯದೇ, ಆದರೆ ಅದಕ್ಕಿಂತ ಗಡುಸು. ಅದು ಗರಗಸ ಕೊತ್ತಂಬರಿ ಆಯಿತು. ಙೊ ಓಮ್ ಮೂಸಿದರೆ ಜೀರಿಗೆ, ಅದರ ಹಿಂದೆ ನಿಂಬೆ. ಜೀರಿಗೆ ಸೊಪ್ಪು ಎಂದು ಬರೆದು ಹೊಡೆದುಹಾಕಿದಳು. ನಾದಿನಿಯ ಬುದ್ಧಿ ಅವಳಿಗೆ ಗೊತ್ತು. ಸೊಪ್ಪು ಸಿಗದ ದಿನ ಜೀರಿಗೆಯನ್ನೇ ಒಂದು ಹಿಡಿ ಸುರಿಯುವವಳು. ಕೊನೆಗೆ ಹೆಸರನ್ನು ಅಜ್ಜಿಯ ಬಾಯಲ್ಲಿದ್ದ ಹಾಗೇ ಬಿಟ್ಟು, ಒಂದು ಎಲೆಯನ್ನು ಹಾಳೆಗೆ ಟೇಪು ಹಾಕಿ ಅಂಟಿಸಿದಳು.

ಮೀನಿನದೇ ದೊಡ್ಡ ರಗಳೆ. ಅಜ್ಜಿಯ ಅಡುಗೆಗೆ ನುಕ್ ಮಾಮ್ ಇಲ್ಲದಿದ್ದರೆ ಕೈಯೇ ಓಡುವುದಿಲ್ಲ. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ಅದರಿಂದ ಇಳಿಸಿದ ಕೆಂಗಂದು ನೀರು. ತಕ್ಕಡಿಯಕ್ಕ ಮೊದಲು ಅದಕ್ಕೆ "ಮೀನಿನ ರಸ" ಎಂದು ಬರೆದು ಮನೆಗೆ ಒಯ್ದು ತೋರಿಸಿದಳು.

"ಇದು ಮೀನು ಬೇಯಿಸಿದ ನೀರು ತಾನೇ ಅತ್ತಿಗೆ?" ಎಂದಳು ನಾದಿನಿ.

"ಅಯ್ಯೋ ಅಲ್ಲ ಮಾರಾಯ್ತಿ."

"ಮತ್ತೆ ರಸ ಅಂತ ಬರ್ದಿದ್ದೀರಲ್ಲ."

ಹೊಡೆದುಹಾಕಿದಳು. "ಮೀನಿನ ಉಪ್ಪುನೀರು" ಎಂದು ಬರೆದಳು. ಆಗ ಮೀನಿಗೆ ಉಪ್ಪು ಹಚ್ಚಿ ತೊಳೆದ ನೀರೇ ಅದು ಎಂದಳು ನಾದಿನಿ. ಅವಳ ಮಾತಿನಲ್ಲೂ ನ್ಯಾಯವಿತ್ತು. ಯಾಕೆಂದರೆ ಪಾಕದ ಮೊದಲ ಸಾಲಿನಲ್ಲೇ ಮೀನಿಗೆ ಉಪ್ಪು ಉಜ್ಜಿ ಲೋಳೆ ತೊಳೆಯಬೇಕು ಎಂದಿತ್ತು. ಹಾಗಾಗಿ ಅದೂ ನುಕ್ ಮಾಮ್ ಆಗಿಯೇ ಉಳಿಯಿತು. ಅದರಲ್ಲೂ ಎರಡುಂಟು. ಪಾತ್ರೆಗೆ ಹಾಕುವುದು ಸಾದಾ, ನೀಲಿ ಮುಚ್ಚಳದ್ದು. ಬೆಂದ ಮೀನಿನ ತುಂಡುಗಳನ್ನು ತಟ್ಟೆಗೆ ತೆಗೆದಿಟ್ಟು ಮೇಲೆ ಹಸಿಮೆಣಸು ಹಾಕಿ ಸುರಿಯುವುದು ಗಟ್ಟಿ, ಮೊದಲ ಇಳಿತದ್ದು, ಕೆಂಪು ಮುಚ್ಚಳದ್ದು. ನೀರು, ಸಕ್ಕರೆ, ನಿಂಬೆ ಬೆರೆಸಿ ಅದ್ದಿಕೊಳ್ಳಲು ಮಾಡುವ ಮೂರನೆಯದೂ ಒಂದಿತ್ತು. ಅದನ್ನು ಈ ಹಾಳೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಇನ್ನು ಉಳಿದದ್ದು ಒಂದೇ ಪದ, ಪಾಕದ ಕೊನೆಯ ಸಾಲಿನಲ್ಲಿ. ಆ ಪದ ನೋಟ್‌ಬುಕ್ಕಿನ ಎಲ್ಲಾ ಪಾಕಗಳ ಕೊನೆಯಲ್ಲೂ ಇತ್ತು. ನೆಮ್.

"ಇದೆಷ್ಟು ಚಮಚ ಅಜ್ಜಿ?"

"ಚಮಚ ಅಲ್ಲ. ನೆಮ್."

"ಅದೇ, ನೆಮ್ ಅಂದ್ರೆ ಎಷ್ಟು ಹಾಕ್ಬೇಕು?"

"ತಿನ್ನೋಕೆ ಸರಿ ಆಗೋವಷ್ಟು" ಎಂದು ಅಜ್ಜಿ ಎಂದಿನಂತೆ ಪಾತ್ರೆಯಿಂದ ಒಂದು ಚಮಚ ಸಾರು ಎತ್ತಿ ಅವಳ ಬಾಯಿಯ ಕಡೆ ಚಾಚಿದಳು. ತಕ್ಕಡಿಯಕ್ಕ ಎಂದಿನಂತೆ ತಲೆ ಹಿಂದಕ್ಕೆಳೆದು ನಕ್ಕಳು.

ಈ ಚಮಚದ ಕಥೆ ಒಂಬತ್ತು ವರ್ಷದ್ದು. ತಕ್ಕಡಿಯಕ್ಕ ಒಲೆಯ ಮೇಲಿದ್ದದ್ದನ್ನು ನಾಲಿಗೆಗೆ ಇಟ್ಟವಳೇ ಅಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಒಲೆಯ ಮುಂದೆ ಸೌಟು ನೆಕ್ಕಿದ್ದಕ್ಕೆ ಅವಳವ್ವ ಅದೇ ಸೌಟಿನಿಂದ ಮೊಣಕೈಗೆ ಬಾರಿಸಿದ್ದಳು. "ಬಡಿಸೋ ಮುಂಚೆ ಬಾಯಿಗಿಟ್ರೆ ಇಡೀ ಪಾತ್ರೆ ಎಂಜಲು" ಎಂದಿದ್ದಳು. ಆ ಎಂಜಲು ಎಂಬ ಪದ ಒಳಗೆ ಹೊಕ್ಕು ಕೂತದ್ದು ಹೊರಗೆ ಬಂದಿರಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ಮುನ್ನೂರು ಜನರ ಕ್ಯಾಂಟೀನಿನಲ್ಲಿ ಬೇಯಿಸಿದಳು. ರುಚಿ ನೋಡದೆಯೇ, ಕುದಿಯ ಬಣ್ಣ ನೋಡಿ, ಹಬೆಯ ವಾಸನೆ ಹಿಡಿದು. ಒಂದು ದಿನ ಉಪ್ಪು ಹೆಚ್ಚಿಲ್ಲ, ಕಮ್ಮಿಯಿಲ್ಲ. ತಕ್ಕಡಿ ಎಂಬ ಹೆಸರು ಬಿದ್ದದ್ದು ಅದಕ್ಕೆ. ಆ ಹೆಸರಿನ ಮೇಲೆ ಅವಳಿಗೆ ಜಂಬವೂ ಇತ್ತು. ಅದನ್ನೇಕೆ ಮುಚ್ಚಿಡಬೇಕು?

ಮೊದಲೆಲ್ಲ ಅಂಗಡಿ ಮುಚ್ಚುವ ಹೊತ್ತಿಗೆ ಉಳಿದ ಸಾರನ್ನು ಬಟ್ಟಲು ತುಂಬ ಉಣ್ಣುತ್ತಿದ್ದಳು. ಆಹಾ ಎನಿಸುತ್ತಿತ್ತು. ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಬಿಪಿ ಎಂದು ಹೇಳಿ ಉಪ್ಪು ಇಳಿಸಿದ ಮೇಲೆ ಅದೂ ನಿಂತಿತು. ಮನೆಯಿಂದ ತಂದ ಸಪ್ಪೆ ಡಬ್ಬಿಯೇ ಊಟ.

ಹೀಗಿರುವಾಗ ನೆಮ್ ಎಂಬುದಕ್ಕೆ ಅವಳು ತನ್ನದೇ ಉಪಾಯ ಹೂಡಿದಳು. ಅಜ್ಜಿ ಸಾರಿಗೆ ಕೊನೆಯಲ್ಲಿ ನುಕ್ ಮಾಮ್ ಸುರಿಯುವಾಗ ಪಕ್ಕದಲ್ಲಿ ನಿಂತು ಕಣ್ಣಲ್ಲೇ ಅಳೆದಳು. ಮೂರು ದಿನ ಅಳೆದಳು. ಮೂರೂ ದಿನ ಹೆಚ್ಚು ಕಮ್ಮಿ ಏಳು ದೊಡ್ಡ ಚಮಚ. ಮೊದಲೆಲ್ಲ ಇಷ್ಟು ಹಾಕುತ್ತಿದ್ದಳೇ ಎಂದು ಒಂದು ಕ್ಷಣ ಅನುಮಾನ ಬಂತು. ಅಜ್ಜಿಯ ಕೈ ಪಳಗಿದ ಕೈ, ಅದನ್ನು ಪ್ರಶ್ನಿಸಲು ನಾನ್ಯಾರು ಎಂದುಕೊಂಡು ಬರೆದಳು: "ನುಕ್ ಮಾಮ್ (ನೀಲಿ) ಏಳು ದೊಡ್ಡ ಚಮಚ." ಬರೆದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡಿದಳು. ಅಜ್ಜಿಗೇ ಹೇಳಲಾಗದ್ದನ್ನು ತಾನು ಹೇಳಿಬಿಟ್ಟೆ ಎಂಬ ಹಿಗ್ಗು ಅವಳಿಗೆ.

ಮೊದಲ ಪರೀಕ್ಷೆ ಶನಿವಾರ ಹನ್ನೊಂದು ಗಂಟೆಗೆ. ನಾದಿನಿ ಒಬ್ಬಳೇ ಒಳಗೆ, ಹಾಳೆಯನ್ನು ಕಿಟಕಿಯ ಸರಳಿಗೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡು. ಹೊರಗೆ ಒಂದು ಮೇಜಿಗೆ ಅಜ್ಜಿ, ಡಾಕ್ಟರು ಮಗಳು, ತಕ್ಕಡಿಯಕ್ಕ. ನಾಲ್ಕನೆಯವನು ಬಸ್ ಡ್ರೈವರು. ಹನ್ನೆರಡು ವರ್ಷದಿಂದ ಅದೇ ಮೂಲೆಯಲ್ಲಿ ಅದೇ ಸಾರು ಉಂಡವನು. ತೀರ್ಪು ಹೇಳಲು ಅವನಿಗಿಂತ ಹಕ್ಕುದಾರ ಯಾರೂ ಇರಲಿಲ್ಲ.

ಒಳಗಿನಿಂದ ಚಟಪಟ ಸದ್ದು ಬಂತು. ಸಾಸಿವೆ. ಅಜ್ಜಿಯ ಪಾಕದಲ್ಲಿ ಫಿ ಎಂಬ ಮಾತಿತ್ತು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹೊಂಬಣ್ಣ ಬರುವ ತನಕ, ಘಮ ಏಳುವ ತನಕ ಬಾಡಿಸುವುದಕ್ಕೆ ಹಾಗೆನ್ನುತ್ತಾರೆ. ಅದಕ್ಕೆ ಇವಳು ಕನ್ನಡದಲ್ಲಿ ಸಲೀಸಾಗಿ "ಬೆಳ್ಳುಳ್ಳಿ ಒಗ್ಗರಣೆ" ಎಂದು ಬರೆದಿದ್ದಳು. ಒಗ್ಗರಣೆ ಎಂದ ಮೇಲೆ ನಾದಿನಿಗೆ ಸಾಸಿವೆಯನ್ನು ಬೇರೆ ಹೇಳಬೇಕೆ? ಮನೆಯಿಂದ ಪೊಟ್ಟಣ ಕಟ್ಟಿಕೊಂಡೇ ಬಂದಿದ್ದಳು.

ಸಾರು ಬಂತು. ಮೇಲೆ ಕಪ್ಪು ಚುಕ್ಕಿಗಳು ತೇಲುತ್ತಿದ್ದವು. ಡ್ರೈವರು ಒಂದು ಚಮಚ ಬಾಯಿಗಿಟ್ಟು ನೀರಿನ ಲೋಟ ಎಳೆದುಕೊಂಡ. ಪೂರ್ತಿ ಕುಡಿದ. ಇನ್ನೊಂದು ಲೋಟ ತುಂಬಿಸಿಕೊಂಡ. ಮಗಳು ಮುಖ ಕಿವುಚಿ ಚಮಚ ಕೆಳಗಿಟ್ಟಳು. ಅಜ್ಜಿ ಮಾತ್ರ ನಿಧಾನವಾಗಿ ಮೂರು ಚಮಚ ಉಂಡು, ಸಾಸಿವೆಯನ್ನು ಬೆರಳಿನಿಂದ ಬದಿಗೆ ಸರಿಸಿ, "ಚೆನ್ನಾಗಿದೆ" ಎಂದಳು.

"ಅಮ್ಮಾ, ಉಪ್ಪು ಬಾಯಿಗಿಡೋಕಾಗ್ತಿಲ್ಲ" ಎಂದಳು ಮಗಳು. ಆಮೇಲೆ ತಕ್ಕಡಿಯಕ್ಕನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ಇನ್ನೊಂದು ಸಲ ನೋಡೋಣ. ಮುಂದಿನ ಶನಿವಾರ. ಅಷ್ಟೇ, ಆಮೇಲೆ ನನಗೂ ಕಷ್ಟ."

ಡ್ರೈವರು ಹೋಗುವಾಗ ಬಾಗಿಲ ಹತ್ತಿರ ನಿಂತು, ಬೇಜಾರು ಮಾಡಿಕೊಳ್ಳಬೇಡಿ ಎಂಬ ದನಿಯಲ್ಲಿ ಹೇಳಿದ: "ಅವರದ್ದೊಂದೇ ತಪ್ಪಲ್ಲಕ್ಕ. ಈಗ ಮೂರು ತಿಂಗಳಿಂದ ಹೀಗೇ ಇದೆ. ಜನ ಕಮ್ಮಿ ಆಗಿದ್ದು ರಸ್ತೆ ಅಗೆದದ್ದಕ್ಕೆ ಅಂದುಕೊಂಡಿದ್ರಾ?"

ಹೌದು, ಹಾಗೆಯೇ ಅಂದುಕೊಂಡಿದ್ದಳು.

ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೋದ ಮೇಲೆ ತಕ್ಕಡಿಯಕ್ಕ ಅಡುಗೆಮನೆಯಲ್ಲಿ ಎರಡು ಪಾತ್ರೆಗಳ ಮುಂದೆ ನಿಂತಳು. ಒಂದು ನಾದಿನಿ ಮಾಡಿದ್ದು. ಇನ್ನೊಂದು ಆ ದಿನದ ಗಿರಾಕಿಗಳಿಗೆ ಎಂದು ಅಜ್ಜಿ ಬೆಳಿಗ್ಗೆಯೇ ಮಾಡಿಟ್ಟದ್ದು. ಚಮಚ ಬಾಯಿಗಿಡಲು ಅವಳಿಂದ ಆಗಲಿಲ್ಲ, ಮೊಣಕೈ ಇವತ್ತಿಗೂ ಚುರುಕ್ ಎನ್ನುತ್ತಿತ್ತು. ಸೌಟಿನಿಂದ ಅಜ್ಜಿಯ ಸಾರನ್ನು ಎರಡು ಹನಿ ಎಡ ಅಂಗೈಗೆ ಹಾಕಿಕೊಂಡಳು. ಸೌಟು ಬಾಯಿಗೆ ತಾಗಲಿಲ್ಲ. ಪಾತ್ರೆಗೆ ಏನೂ ಆಗಲಿಲ್ಲ. ಅಂಗೈ ನೆಕ್ಕಿದಳು.

ಬರೀ ಉಪ್ಪು. ಅದು ಅಜ್ಜಿಯ ಸಾರೇ ಅಲ್ಲ.

ನಲ್ಲಿಯ ಕೆಳಗೆ ಕೈ ತೊಳೆದುಕೊಳ್ಳುತ್ತ ಅವಳಿಗೆ ಒಂದೊಂದೇ ಹೊಳೆಯಿತು. ಏಳು ಚಮಚ. ಸಾಸಿವೆ ಹಾಕಿದ ಉಪ್ಪುಗಡಲಿಗೆ ಚೆನ್ನಾಗಿದೆ ಎಂದ ಅಜ್ಜಿ. ಇತ್ತೀಚೆಗೆ ರುಚಿ ನೋಡಿದ ಮೇಲೆ ಒಲೆಯ ಕಡೆ ನೋಡದೆ ಗಿರಾಕಿಗಳ ಮುಖದ ಕಡೆ ನೋಡುತ್ತಿದ್ದ ಅಜ್ಜಿ.

ಅಜ್ಜಿ ಸ್ಟೂಲಿನ ಮೇಲೆ ಕೂತು ಮೊಳಕೆಯ ಬೇರು ಚಿವುಟುತ್ತಿದ್ದಳು. ತಕ್ಕಡಿಯಕ್ಕ ಎದುರಿಗೆ ಕೂತಳು. ಅಡುಗೆಮನೆಯ ಭಾಷೆಯಲ್ಲಿ ಕಾಯಿಲೆಗೆ ಪದವಿಲ್ಲ. ಇದ್ದ ಪದಗಳಲ್ಲೇ ಕೇಳಿದಳು.

"ಅಜ್ಜಿ, ನಿಮಗೆ ಉಪ್ಪು ಗೊತ್ತಾಗ್ತಾ ಇಲ್ಲ, ಅಲ್ವಾ?"

ಅಜ್ಜಿಯ ಬೆರಳು ನಿಂತಿತು. "ಮೂರು ತಿಂಗಳ ಹಿಂದೆ ಮೈ ಕಾದು ಮಲಗಿದ್ದೆನಲ್ಲ, ಆಗ ಹೋಯ್ತು. ಬಿಸಿ ಗೊತ್ತಾಗುತ್ತೆ. ತಣ್ಣಗೆ ಗೊತ್ತಾಗುತ್ತೆ. ಬೇರೇನೂ ಇಲ್ಲ."

"ಒಂದು ಮಾತು ನನಗೆ ಹೇಳೋದಲ್ವಾ?"

"ನಿನಗೆ ಚಮಚ ಚಾಚಿದೆ" ಎಂದಳು ಅಜ್ಜಿ. "ದಿನಾ ಚಾಚಿದೆ."

ತಕ್ಕಡಿಯಕ್ಕನಿಗೆ ಅಳು ಬಂತು. ತಡೆದುಕೊಳ್ಳಲೂ ಹೋಗಲಿಲ್ಲ, ಅತ್ತಳು. ಮೂರು ತಿಂಗಳು ಒಂದು ಮುದಿ ಜೀವ ಕೈ ಚಾಚಿ ನಿಂತಿತ್ತು, ತಾನು ಪ್ರತಿ ಸಲ ನಕ್ಕು ತಲೆ ಹಿಂದಕ್ಕೆಳೆದುಕೊಂಡಿದ್ದಳು. ಯಾವ ತಕ್ಕಡಿ? ಯಾವ ಜಂಬ? ಮೂಗಿನ ಹಿಡಿತಕ್ಕೆ ಸಿಗದ ಅಡುಗೆಯೂ ಇರುತ್ತದೆಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ನುಕ್ ಮಾಮ್‌ನ ವಾಸನೆ ಎರಡು ಚಮಚಕ್ಕೂ ಅಡುಗೆಮನೆ ತುಂಬುತ್ತದೆ, ಏಳಕ್ಕೂ ತುಂಬುತ್ತದೆ. ಅಲ್ಲಿ ಮೂಗು ಏನು ಮಾಡೀತು?

ಅತ್ತು ಮುಗಿದ ಮೇಲೆ ಎದ್ದು ಹೊಸ ಪಾತ್ರೆ ಇಟ್ಟಳು.

ಆ ವಾರವಿಡೀ ನಡೆದದ್ದು ಇದು. ನೀರು ಕುದಿಯಿತು, ಮೀನು ಬಿತ್ತು, ನೊರೆ ತೆಗೆದದ್ದಾಯಿತು, ಕಿವುಚಿ ಸೋಸಿದ ಹುಣಸೆ, ಸಕ್ಕರೆ, ಎರಡು ಚಮಚ ನುಕ್ ಮಾಮ್. ಮೀನು ಬೆಂದ ಕೂಡಲೇ ತಟ್ಟೆಗೆ, ಪಾತ್ರೆಗೆ ಅನಾನಸ್, ಟೊಮೆಟೊ, ಬೆಂಡೆ. ಆಮೇಲೆ ತಕ್ಕಡಿಯಕ್ಕನ ಅಂಗೈಗೆ ಎರಡು ಹನಿ. ನಾಲಿಗೆ ಇವಳದು, ನೆನಪು ಅಜ್ಜಿಯದು.

"ಯಾವುದು ಮುಂದೆ ಬಂತು?" ಅಜ್ಜಿ ಕೇಳುವಳು.

"ಹುಳಿ."

"ಸರಿ. ಅದರ ಹಿಂದೆ?"

"ಹಿಂದೆ ಯಾರೂ ಇಲ್ಲ ಅಜ್ಜಿ. ಹುಳಿ ಒಂದೇ ನಿಂತಿದೆ."

"ಸಕ್ಕರೆ ಅರ್ಧ. ಮತ್ತೆ ನೋಡು."

ಸೋಮವಾರ ನುಕ್ ಮಾಮ್ ಮೂರು ಚಮಚಕ್ಕೆ ಸರಿಹೋಯಿತು. ಮಂಗಳವಾರ ಹುಣಸೆ ಬೇರೆ ಪ್ಯಾಕೆಟ್ಟಿನದು, ನಾಲ್ಕು ಬೇಕಾಯಿತು. ಬುಧವಾರ ಅನಾನಸ್ ಜೇನಿನ ಹಾಗಿತ್ತು, ಸಕ್ಕರೆಯೇ ಬೇಡವಾಯಿತು. ದಿನಕ್ಕೊಂದು ಲೆಕ್ಕ ಬಂದರೆ ಹಾಳೆಯಲ್ಲಿ ಯಾವುದನ್ನು ಬರೆಯುವುದು? ಗುರುವಾರ ಮಧ್ಯಾಹ್ನ ಅವಳು ಏಳು ದೊಡ್ಡ ಚಮಚ ಎಂಬ ಸಾಲಿನ ಮೇಲೆ ಕಾಗದ ಹರಿಯುವಷ್ಟು ಗೀಟು ಎಳೆದಳು. "ಒಗ್ಗರಣೆ"ಯನ್ನೂ ಹೊಡೆದು "ಎಣ್ಣೆಯಲ್ಲಿ ಬೆಳ್ಳುಳ್ಳಿ ಮಾತ್ರ, ಹೊಂಬಣ್ಣಕ್ಕೆ, ಸಾಸಿವೆ ಮುಟ್ಟಿದರೆ ನೋಡು" ಎಂದು ಬರೆದಳು. ನೆಮ್ ಎಂಬುದರ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ಬರೆದದ್ದು ಇಷ್ಟು:

"ಒಲೆ ಆರಿಸುವ ಮುಂಚೆ ಸೌಟಿನಿಂದ ಎಡ ಅಂಗೈಗೆ ಎರಡು ಹನಿ ಹಾಕಿಕೊಂಡು ನೋಡು. ಮೊದಲು ಹುಳಿ ಬರಬೇಕು, ಅದರ ಹಿಂದೆ ಸಿಹಿ, ಕೊನೆಗೆ ಉಪ್ಪು ಬಂದು ಎರಡನ್ನೂ ಹಿಡಿದು ನಿಲ್ಲಿಸಬೇಕು. ಯಾವುದು ಬರಲಿಲ್ಲವೋ ಅದನ್ನು ಅರ್ಧ ಚಮಚ ಹಾಕು. ಉಪ್ಪು ಎಂದರೆ ನುಕ್ ಮಾಮ್, ನೀಲಿ. ಕೈ ತೊಳೆ. ಮತ್ತೆ ನೋಡು. ಸರಿಯಾಗುವ ತನಕ ನೋಡು."

ಮನೆಯಲ್ಲಿ ಓದಿದ ನಾದಿನಿ ಹುಬ್ಬು ಗಂಟಿಕ್ಕಿದಳು. "ಇದೇನತ್ತಿಗೆ, ಸರಿಯಾಗೋ ತನಕ ಅಂತೆ. ನನಗೆ ಸರಿ ಅನ್ಸಿದ್ದು ಅವರಿಗೆ ಸರಿ ಅನ್ಸದಿದ್ರೆ?"

"ಅವರಿಗೆ ಬಿಡು. ನಿನ್ನ ನಾಲಿಗೆ ಏನು ಹೇಳುತ್ತೆ ಅದನ್ನ ಕೇಳು."

"ಏಳು ಚಮಚ ಅಂತ ಬರ್ದಿದ್ರೆ ನಂಗೆ ಸಲೀಸಾಗಿರೋದು."

"ನಂಗೂ ಸಲೀಸಾಗೇ ಇತ್ತು ಕಣೆ" ಎಂದಳು ತಕ್ಕಡಿಯಕ್ಕ.

ಶನಿವಾರ ಮತ್ತೆ ಅದೇ ಮೇಜು, ಅದೇ ನಾಲ್ಕು ಜನ. ಓಣಿಯ ಆಚೆ ಬದಿಯಲ್ಲಿ ಮೊಬೈಲ್ ರಿಪೇರಿಯವನು ಬಂದು ನಿಂತದ್ದನ್ನು ತಕ್ಕಡಿಯಕ್ಕ ಓರೆಗಣ್ಣಿನಿಂದ ನೋಡಿದಳು. ಅವನ ಜೇಬಿನಲ್ಲಿ ಟೇಪು ಉಬ್ಬಿಕೊಂಡಿತ್ತು. ಆ ಬೆಳಿಗ್ಗೆ ಸಿಕ್ಕಿದ್ದ ಅನಾನಸ್ ಬೇರೆ ಅರೆಗಾಯಿ, ಕೈಯಲ್ಲಿ ಹಿಡಿದಾಗಲೇ ಹಲ್ಲು ಚುಳ್ಳೆನ್ನುವಂಥದ್ದು. ಬೇರೆ ತರಲು ಹೊತ್ತಿರಲಿಲ್ಲ. ಲೆಕ್ಕ ನೋಡಿ ಮಾಡಿದರೆ ಇವತ್ತು ಸಾರು ಕೆಡುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಒಳಗೆ ಹೋಗಿ ಹೇಳುವ ಹಾಗಿಲ್ಲ. ಹಾಳೆಯೇ ಹೇಳಬೇಕು.

ಒಳಗಿನ ಸದ್ದಿಗೆ ಕಿವಿಗೊಟ್ಟು ಕೂತಳು. ಎಣ್ಣೆ ಚೊರ್ ಎಂದಿತು, ಬೆಳ್ಳುಳ್ಳಿ ಘಮ್ಮೆಂದಿತು. ಚಟಪಟ ಇಲ್ಲ. ಕುದಿಯುವ ಸದ್ದು. ತಟ್ಟೆಗೆ ಮೀನು ಇಳಿಸಿದ ಸದ್ದು. ಚಾಕು ಹಲಗೆಯ ಮೇಲೆ ಸೊಪ್ಪು ಹೆಚ್ಚಿತು. ಆಮೇಲೆ ಸೌಟು ನಿಂತಿತು.

ಏನೂ ಸದ್ದಿಲ್ಲ. ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದು. ಡಬ್ಬಿಯ ಮುಚ್ಚಳ ಟಕ್ ಎಂದಿತು, ಸಕ್ಕರೆಯದು. ಮತ್ತೆ ಮೌನ. ಮತ್ತೆ ನಲ್ಲಿ. ಇನ್ನೊಂದು ಸಲ ಡಬ್ಬಿ. ಆಮೇಲೆ ಬಾಟಲಿ ಕಟ್ಟೆಗೆ ತಾಗಿದ ಸದ್ದು.

ಮೇಜಿನ ಕೆಳಗೆ ಕಾಲಿಗೆ ಏನೋ ತಾಗಿತು. ನೋಡಿದರೆ ಅಜ್ಜಿ ತನ್ನ ಚಪ್ಪಲಿಯ ತುದಿಯಿಂದ ಇವಳ ಪಾದ ಒತ್ತುತ್ತಿದ್ದಳು. ಅವಳಿಗೂ ಕೇಳಿಸಿತ್ತು.

ಸಾರು ಬಂತು. ಕೆಂಪು ಟೊಮೆಟೊ, ಹಸಿರು ಬೆಂಡೆ, ಮೇಲೆ ಸೊಪ್ಪು, ಹೊಂಬಣ್ಣದ ಬೆಳ್ಳುಳ್ಳಿ. ಪಕ್ಕದ ತಟ್ಟೆಯಲ್ಲಿ ಮೀನು, ಹಸಿಮೆಣಸು. ಡ್ರೈವರು ಒಂದು ಚಮಚ ಉಂಡ. ನೀರಿನ ಲೋಟದ ಕಡೆ ಕೈ ಹೋಗಲಿಲ್ಲ. ಎರಡನೆಯದು ಉಂಡ. ಆಮೇಲೆ ಅನ್ನವನ್ನು ಬಟ್ಟಲಿಗೇ ಸುರಿದುಕೊಂಡು, ತಲೆ ತಗ್ಗಿಸಿ, ಬಸ್ಸು ಹೊರಡುವ ಹೊತ್ತಾದವನ ಹಾಗೆ ಉಣ್ಣತೊಡಗಿದ. ಮಗಳು ಅವನನ್ನೇ ನೋಡಿದಳು, ತಾನೂ ಉಂಡಳು, ಮತ್ತೆ ಉಂಡಳು. ಅವಳ ಕಣ್ಣು ತೇವವಾಯಿತು. "ಚಿಕ್ಕವಳಿದ್ದಾಗ ಹೀಗೇ ಇರ್ತಿತ್ತು" ಎಂದಳು.

ಅಜ್ಜಿ ಒಂದು ಚಮಚವನ್ನೂ ಮುಟ್ಟಿರಲಿಲ್ಲ. ತಕ್ಕಡಿಯಕ್ಕನ ಕಡೆ ತಿರುಗಿ ಕೇಳಿದಳು.

"ನೀನು ಹೇಳು. ಸರಿಯಾಗಿದೆಯಾ?"

ತಕ್ಕಡಿಯಕ್ಕ ಬಟ್ಟಲಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡಳು. ಹುಳಿ ಬಂತು. ಸಿಹಿ ಬಂತು. ಉಪ್ಪು ಬಂತು, ಆದರೆ ಒಂದು ಗಳಿಗೆ ತಡವಾಗಿ ಬಂತು. ಸುಮ್ಮನೆ ಹೂಂ ಎಂದರೆ ಅಂಗಡಿ ತನ್ನದು. ಡ್ರೈವರು ಬಟ್ಟಲು ಖಾಲಿ ಮಾಡಿದ್ದಾನೆ, ಮಗಳು ಒಪ್ಪಿದ್ದಾಳೆ, ಮೊಬೈಲಿನವನು ಹೊರಗೆ ಕಾಯುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಬಾಯಿ ಬಿಡುವವಳು ಪೆದ್ದಿಯೇ ಸರಿ.

"ಇಲ್ಲ ಅಜ್ಜಿ" ಎಂದಳು. "ಚೆನ್ನಾಗಿದೆ. ಆದ್ರೆ ನುಕ್ ಮಾಮ್ ಇನ್ನರ್ಧ ಚಮಚ ಬೇಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ಅಜ್ಜಿಯ ಭಾಷೆ ಬಾರದಿದ್ದರೂ ಅತ್ತಿಗೆಯ ಮುಖ ಓದಲು ಬರುತ್ತಿತ್ತು. "ಏನು ಕಮ್ಮಿ ಅಂದ್ರಿ? ನಾಲ್ಕು ಸಲ ಕೈ ತೊಳೆದಿದ್ದೀನಿ. ನನ್ನ ನಾಲಿಗೆ ಕೇಳು ಅಂದೋರು ನೀವೇ. ಕೇಳಿದೆ. ಸಾಕು ಅಂತು. ನಿಮ್ಮ ನಾಲಿಗೇನ ಕರ್ಕೊಂಡು ಬಂದು ನೀವೇ ಮಾಡ್ಕೊಳ್ಳಿ ಹಾಗಾದ್ರೆ."

ಅವಳೇನೆಂದಳು ಎಂದು ಅಜ್ಜಿ ಕೇಳಿದಳು. ತಕ್ಕಡಿಯಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಜ್ಜಿ ನಗಲು ಶುರು ಮಾಡಿದಳು. ಮೇಜು ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು.

"ನಾನೂ ನಮ್ಮತ್ತೆಯೂ ಮೂವತ್ತು ವರ್ಷ ಇದಕ್ಕೇ ಜಗಳ ಆಡಿದ್ವಿ" ಎಂದಳು. "ಅವಳಿಗೆ ಅರ್ಧ ಕಮ್ಮಿ, ನನಗೆ ಅರ್ಧ ಜಾಸ್ತಿ. ಜಗಳ ಶುರುವಾಯ್ತು ಅಂದ್ರೆ ಅಡುಗೆಮನೆ ಉಳೀತು."

ಮಗಳಿಗೆ ತನ್ನ ನಾಲಿಗೆಯ ವಿಷಯವನ್ನು ಅಜ್ಜಿ ಆಗಲೇ ಹೇಳಿದಳು, ಒಂದೇ ವಾಕ್ಯದಲ್ಲಿ. ಮಗಳು ತಾಯಿಯ ಕೈ ಹಿಡಿದುಕೊಂಡಳು. ಆಮೇಲೆ ಎದ್ದು ಓಣಿಗೆ ಹೋಗಿ ಮೊಬೈಲ್ ರಿಪೇರಿಯವನಿಗೆ ಏನೋ ಹೇಳಿದಳು. ಅವನು ಟೇಪನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡು ಹೋದ.

ಅಜ್ಜಿ ಒಳಗಿನಿಂದ ಹಾಳೆ ತರಿಸಿ, ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಅದರ ಮೇಲಿಟ್ಟಳು. ಕೊಡುವ ಮುಂಚೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇಲ್ಲೇನು ಬರೆದಿದ್ದೀಯ, ನನ್ನ ಭಾಷೆಯಲ್ಲಿ ಓದು ಎಂದಳು. ತಕ್ಕಡಿಯಕ್ಕ ತಡವರಿಸಿಕೊಂಡು ಓದಿದಳು. ಅಂಗೈ, ಎರಡು ಹನಿ, ಮುಂದೆ ಬರುವುದು, ಹಿಂದೆ ಬರುವುದು, ಕೈ ತೊಳೆಯುವುದು, ಮತ್ತೆ ನೋಡುವುದು.

"ನನ್ನ ಪುಸ್ತಕದಲ್ಲಿ ಇದಕ್ಕೆ ಒಂದೇ ಪದ" ಎಂದಳು ಅಜ್ಜಿ.

"ಗೊತ್ತು ಅಜ್ಜಿ. ನಮ್ಮಲ್ಲಿ ಸ್ವಲ್ಪ ಉದ್ದ ಆಯ್ತು."

"ಇರಲಿ. ಇದೇ ಚೆನ್ನಾಗಿದೆ" ಎಂದು ಅಜ್ಜಿ ತನ್ನ ಸುಕ್ಕುಗಟ್ಟಿದ ಎಡ ಅಂಗೈಯನ್ನು ಮೇಜಿನ ಮೇಲೆ ಚಾಚಿದಳು.

ತಕ್ಕಡಿಯಕ್ಕ ಅದರ ಮೇಲೆ ಎರಡು ಹನಿ ಸಾರು ಹಾಕಿದಳು. ಅಜ್ಜಿ ನೆಕ್ಕಿದಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು.

"ಬಿಸಿಯಾಗಿದೆ" ಎಂದಳು. "ಉಳಿದದ್ದು ನೀನು ಹೇಳು."

ತಕ್ಕಡಿಯಕ್ಕ ಹೇಳತೊಡಗಿದಳು. ಮೊದಲು ಹುಳಿ ಬರುತ್ತೆ ಅಜ್ಜಿ, ಎಂದಳು.